ಬಿಳಿ ಕಾರ್ಡಿಗೆ ಅಳೆದ ಬೆಳಕು

ಮ್ಯೂಸಿಯಮ್ಮಿನ ಫೋಟೊ ವಿಭಾಗದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಜೋಪಾನಣ್ಣ ಎಂದು. ಲಿಫ್ಟಿಗೆ ಕಾಲಿಡುವವರಿಗೂ ಜೋಪಾನ ಎನ್ನುತ್ತಿದ್ದ, ಬಿಸಿ ಲೋಟ ಎತ್ತುವವರಿಗೂ ಜೋಪಾನ ಎನ್ನುತ್ತಿದ್ದ. ಮದುವೆಗೆ ರಜೆ ಹಾಕಿ ಹೊರಟಿದ್ದ ಗುಮಾಸ್ತನ ಕೈಕುಲುಕಿ, ಶುಭಾಶಯ ಹೇಳಬೇಕಾದ ಕಡೆ ಅದನ್ನೇ ಹೇಳಿಬಿಟ್ಟ ಮೇಲೆ ಹೆಸರು ಅಂಟಿಕೊಂಡಿತು. ಗುಮಾಸ್ತ ಆಮೇಲೆ ಎಷ್ಟೋ ಸಲ, "ನೀನು ಇನ್ನೊಂದು ಸ್ವಲ್ಪ ಗಟ್ಟಿಯಾಗಿ ಹೇಳ್ಬೇಕಿತ್ತಣ್ಣ" ಎಂದು ನಗಿಸುತ್ತಿದ್ದ. ಜೋಪಾನಣ್ಣ ಮಾತ್ರ ನಗುತ್ತಿರಲಿಲ್ಲ. ಅವನು ಹೇಳಿದ್ದು ತಮಾಷೆಗಲ್ಲವಲ್ಲ.

ಅವನ ಈ ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ, ಸ್ಲೈಡ್ ಫಿಲ್ಮಿನಿಂದ ಬಂದದ್ದು. ಮೀಸೆ ಚಿಗುರುವ ವಯಸ್ಸಿನಲ್ಲಿ ಸೇರಿಕೊಂಡ ಸ್ಟುಡಿಯೊದಲ್ಲಿ ಕಂಪನಿಗಳ ಕ್ಯಾಟಲಾಗಿಗೆ ಸ್ಲೈಡ್ ತೆಗೆಯುವ ಕೆಲಸ. ಆ ಫಿಲ್ಮಿನ ಗುಣವೇ ಅಂಥದ್ದು. ಬೆಳಕು ಒಂದು ಚೂರು ಹೆಚ್ಚಾದರೆ ಬಿಳಿ ಭಾಗವೆಲ್ಲ ತೊಳೆದ ಗಾಜಿನ ಹಾಗೆ ಬರಿದಾಗಿಬಿಡುತ್ತಿತ್ತು, ಅಲ್ಲಿ ಏನಿತ್ತು ಎಂದು ಯಾವ ದೇವರು ಬಂದು ಕೇಳಿದರೂ ಫಿಲ್ಮು ಬಾಯಿ ಬಿಡುತ್ತಿರಲಿಲ್ಲ. ಒಂದು ಚೂರು ಕಪ್ಪಾದರೆ ಹೇಗೋ ನಡೆಯುತ್ತಿತ್ತು. ಸ್ಟುಡಿಯೊದ ಯಜಮಾನ ಒಂದು ಪಿಂಗಾಣಿ ತಟ್ಟೆಯ ಸ್ಲೈಡನ್ನು ಅವನ ಮುಖದ ಮುಂದೆ ಹಿಡಿದು, "ತಟ್ಟೆ ಎಲ್ಲಪ್ಪ? ನನಗೆ ಬರೀ ಕಿಟಕಿ ಕಾಣ್ತಿದೆ" ಎಂದು ಎಲ್ಲರೆದುರು ಕೇಳಿದ್ದ. ಅಂದಿನಿಂದ ಅವನ ಬೆರಳು ತಾನಾಗಿ ಬೆಳಕನ್ನು ಒಂದು ಮೆಟ್ಟಿಲು ತಗ್ಗಿಸಿಕೊಳ್ಳುವುದನ್ನು ಕಲಿಯಿತು. ಬೆರಳು ಕಲಿತದ್ದನ್ನು ತಲೆ ಮರೆಸಲಾರದು ಎಂಬುದು ಅವನಿಗೆ ಗೊತ್ತಾದದ್ದು ಬಹಳ ತಡವಾಗಿ.

ತಲೆಯೇನೂ ದಡ್ಡ ತಲೆಯಲ್ಲ. ಫಿಲ್ಮು ಹೋಗಿ ಡಿಜಿಟಲ್ ಬಂದಾಗ ವಿಭಾಗದಲ್ಲಿ ಮೊದಲು ಕಲಿತವನು ಅವನೇ. ತರಬೇತಿಗೆ ಬಂದವರಿಗೆ ಪಾಠ ಹೇಳುತ್ತಿದ್ದವನೂ ಅವನೇ. ಆ ಪಾಠವನ್ನು ಅವನು ಮೊಟ್ಟಮೊದಲು ಹೇಳಿದ್ದು ಮನೆಯ ಅಡುಗೆಕಟ್ಟೆಯ ಮೇಲೆ, ಹೆಂಡತಿಗೆ.

ಹೆಂಡತಿ ಅದೇ ಮ್ಯೂಸಿಯಮ್ಮಿನಲ್ಲಿ ಗೋಡೆಚಿತ್ರಗಳನ್ನು ಉಳಿಸುವ ಕೆಲಸದವಳು. ಸರ್ಜನ್ನರ ಚಾಕುವಿನಂಥ ಸಣ್ಣ ಅಲಗು, ಹತ್ತಿ ಸುತ್ತಿದ ಕಡ್ಡಿ, ಹಣೆಗೆ ಕಟ್ಟಿದ ಭೂತಗನ್ನಡಿ, ಇಷ್ಟೇ ಅವಳ ಆಸ್ತಿ. ಅವಳು ಹಿಟ್ಟು ಜರಡಿ ಹಿಡಿಯುತ್ತಿದ್ದಾಗ, "ರೀ, ನೀವು ತೆಗೆದ ಫೋಟೊದಲ್ಲಿ ಕತ್ತಲೆ ಜಾಗವೆಲ್ಲ ಯಾಕೆ ಹೀಗೆ ಕಾಳುಕಾಳು?" ಎಂದು ಕೇಳಿದಳು. ಅವನು ಅವಳ ಕೈಯಿಂದ ಜರಡಿ ಕಿತ್ತುಕೊಂಡ. ಎರಡು ಕಪ್ಪು ಟ್ರೇ ಇಟ್ಟು, ಒಂದರ ಮೇಲೆ ಒಂದೇ ಸಲ ಜರಡಿ ಕುಟ್ಟಿದ, ಇನ್ನೊಂದರ ಮೇಲೆ ಕೈ ಸೋಲುವವರೆಗೆ ಕುಟ್ಟಿದ.

"ನೋಡು. ಒಂದೇ ಕೈ, ಒಂದೇ ಜರಡಿ. ಇಲ್ಲಿ ಕಮ್ಮಿ ಬಿದ್ದಿದೆ, ಎಷ್ಟು ತೇಪೆತೇಪೆ ಕಾಣ್ತಿದೆ! ಅಲ್ಲಿ ಜಾಸ್ತಿ ಬಿದ್ದಿದೆ, ಎಷ್ಟು ಸಮ ಇದೆ! ಬೆಳಕೂ ಹೀಗೇ ಕಣೇ. ಹಿಟ್ಟಿನ ಹಾಗೆ ಕಣ ಕಣವಾಗಿ, ತನಗೆ ಬೇಕಾದ ಹಾಗೆ ಉದುರುತ್ತೆ. ಒಂದು ಚುಕ್ಕೆ ಜಾಗಕ್ಕೆ ನೂರು ಕಣ ಬಂದ್ರೆ ಹತ್ತು ಹೆಚ್ಚುಕಮ್ಮಿ ಆಗುತ್ತೆ. ಹತ್ತು ಸಾವಿರ ಬಂದ್ರೆ ನೂರು ಹೆಚ್ಚುಕಮ್ಮಿ. ಏರಿಳಿತ ಜಾಸ್ತಿಯೇ ಆಯ್ತು, ಆದ್ರೆ ನೂರರಲ್ಲಿ ಹತ್ತೆಲ್ಲಿ, ನೂರರಲ್ಲಿ ಒಂದೆಲ್ಲಿ? ಇದಕ್ಕೆ ಶಾಟ್ ನಾಯ್ಸ್ ಅಂತಾರೆ. ಇದು ಕ್ಯಾಮೆರಾದ ತಪ್ಪಲ್ಲ, ಬೆಳಕಿನ ಗುಣ."

"ಅಂದ್ರೆ ಒಳ್ಳೆ ಕ್ಯಾಮೆರಾ ತಂದ್ರೂ ಹೋಗಲ್ಲ?"

"ಹೋಗಲ್ಲ. ಕ್ಯಾಮೆರಾದ್ದು ಬೇರೇನೇ ಒಂದಿದೆ. ನಿನ್ನ ಈ ಹಳೇ ತಕ್ಕಡಿ ಮುಳ್ಳು ನಡುಗುತ್ತಲ್ಲ, ಹಾಗೆ. ಕ್ಯಾಮೆರಾ ಆ ಕಣಗಳನ್ನ ಎಣಿಸಿ ಓದುವಾಗ ಅದರ ಮುಳ್ಳೂ ನಾಲ್ಕೈದು ಕಣದಷ್ಟು ಅತ್ತಿತ್ತ ನಡುಗುತ್ತೆ. ಅದು ರೀಡ್ ನಾಯ್ಸ್. ನೀನು ಮೂಟೆ ತೂಗಿದ್ರೆ ಆ ನಡುಕ ಲೆಕ್ಕಕ್ಕೇ ಇಲ್ಲ. ಚಿಟಿಕೆ ತೂಗಿದ್ರೆ ಚಿಟಿಕೆಯೇ ಕಾಣಲ್ಲ, ನಡುಕವೇ ಕಾಣುತ್ತೆ."

"ಹಾಗಾದ್ರೆ ಸುರೀತಾನೇ ಇರೋದು."

"ಟ್ರೇ ಅಂಚು ಮೀರಿ ಚೆಲ್ಲೋವರೆಗೆ. ಚೆಲ್ಲಿದ್ರೆ ಎಷ್ಟು ಸುರಿದೆ ಅಂತ ಗೊತ್ತಾಗಲ್ಲ, ಅದು ಕ್ಲಿಪ್ ಆದ ಹಾಗೆ. ಅಂಚಿಗೆ ಒಂದು ಕೂದಲೆಳೆ ಕೆಳಗೆ ನಿಲ್ಲಿಸಬೇಕು. ಫೋಟೊ ಬೆಳ್ಳಗೆ ಬಂದ್ರೂ ಚಿಂತೆಯಿಲ್ಲ, ಆಮೇಲೆ ಕಂಪ್ಯೂಟರಲ್ಲಿ ಇಳಿಸಿದ್ರೆ ಆಯ್ತು. ಬೆಳಕು ತುಂಬಿದ್ದನ್ನ ಇಳಿಸಿದ್ರೆ ಚೆನ್ನಾಗಿರುತ್ತೆ. ಬೆಳಕಿಲ್ಲದ್ದನ್ನ ಎತ್ತಿದ್ರೆ ಚಿತ್ರದ ಜೊತೆಗೆ ಕಸವೂ ಎದ್ದು ಬರುತ್ತೆ."

ಅವಳು ಎರಡೂ ಟ್ರೇ ನೋಡಿ, "ಹಿಟ್ಟು ದಂಡ ಮಾಡದೆ ನಿಮಗೆ ಪಾಠ ಹೇಳೋಕೆ ಬರಲ್ವಾ?" ಎಂದಳು. ಆದರೆ ಕೇಳಿದ್ದನ್ನು ಮರೆಯಲಿಲ್ಲ. ಅವಳು ಯಾವುದನ್ನೂ ಮರೆಯುವವಳಲ್ಲ, ಅದೇ ಮುಂದೆ ಅವನಿಗೆ ಕಷ್ಟವಾದದ್ದು.

ಇಷ್ಟು ಗೊತ್ತಿದ್ದವನು ತಪ್ಪಿದ್ದೆಲ್ಲಿ ಎಂದರೆ, ಕಚೇರಿಯ ಕಾರ್ಡಿನಲ್ಲಿ. ಮ್ಯೂಸಿಯಮ್ಮಿನ ಪ್ರತಿ ಫೋಟೊದ ಒಂದು ಅಂಚಿನಲ್ಲಿ ಬಣ್ಣದ ಚೌಕಗಳಿರುವ ಕಾರ್ಡ್ ಇರಲೇಬೇಕೆಂದು ಕಟ್ಟುನಿಟ್ಟು. ಅದರ ತುದಿಯಲ್ಲೊಂದು ಅಚ್ಚ ಬಿಳಿ ಚೌಕ. ಬಣ್ಣ ಸರಿಯಿದೆಯೇ ಎಂದು ತಾಳೆ ನೋಡಲು ಅದು ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಆ ಬಿಳಿ ಚೌಕ ಕ್ಲಿಪ್ ಆಗಿದ್ದರೆ ಫೈಲು ವಾಪಸ್ಸು. ಒಮ್ಮೆ ಇಡೀ ನಾಣ್ಯ ಸಂಗ್ರಹದ ಫೋಟೊಗಳೇ ವಾಪಸ್ಸಾಗಿ, ವಿಭಾಗದ ಮುಖ್ಯಸ್ಥೆ ಎಲ್ಲರ ಮೈ ಚಳಿ ಬಿಡಿಸಿದ್ದಳು. ನಾಣ್ಯಕ್ಕೆ, ಪಿಂಗಾಣಿಗೆ, ಬಟ್ಟೆಗೆ ಈ ನಿಯಮದಿಂದ ಏನೂ ತೊಂದರೆಯಿಲ್ಲ. ಅವೂ ಹೆಚ್ಚುಕಡಿಮೆ ಕಾರ್ಡಿನಷ್ಟೇ ಬೆಳಕು ಕೊಡುವ ವಸ್ತುಗಳು. ಕಾರ್ಡ್ ಅಂಚಿಗೆ ತುಂಬಿದರೆ ಅವೂ ತುಂಬಿದ ಹಾಗೆಯೇ. ಜೋಪಾನಣ್ಣನ ಬೆರಳಿಗೂ ಈ ನಿಯಮ ಹೇಳಿ ಮಾಡಿಸಿದ ಹಾಗಿತ್ತು. ಬಿಳಿ ಚೌಕ ಸುಡಬಾರದು ಎಂಬುದಕ್ಕೆ ಸ್ಟುಡಿಯೊ ಯಜಮಾನನ ಸಹಿಯೂ ಕಚೇರಿಯ ಮೊಹರೂ ಎರಡೂ ಬಿದ್ದಂತಾಯಿತು.

ಹೆಂಡತಿಯ ಗೋಡೆ ಇದ್ದದ್ದು ಊರಿನ ಹಳೆಯ ಉಗ್ರಾಣವೊಂದರ ನೆಲಮಾಳಿಗೆಯಲ್ಲಿ. ಯಾವುದೋ ಕಾಲದಲ್ಲಿ ಯಾರೋ ಅಲ್ಲಿ ಸರಕು ಇಳಿಸುವ ದೃಶ್ಯವನ್ನು ಗೋಡೆ ತುಂಬ ಬರೆದಿದ್ದರು. ದೋಣಿ, ಮೂಟೆ, ತೂಗುವವರು, ತೂಗಿಸಿಕೊಳ್ಳುವವರು. ಆಮೇಲೆ ಬಂದವರು ಅಲ್ಲಿ ಬಾಯ್ಲರ್ ಇಟ್ಟು ಗೋಡೆಗೆಲ್ಲ ಮಸಿ ಹಿಡಿಸಿದರು, ಅದರ ನಂತರದವರು ಮಸಿಯ ಮೇಲೆ ಸುಣ್ಣ ಬಳಿದು ಕೈ ತೊಳೆದುಕೊಂಡರು. ಆ ಸುಣ್ಣವನ್ನು ಹೆಂಡತಿ ಉಗುರಗಲ ಉಗುರಗಲ ಎತ್ತುತ್ತ ಬಂದಿದ್ದಳು. ವರ್ಷಗಳೇ ಹಿಡಿದವು. ಸುಣ್ಣ ಎದ್ದರೆ ಕೆಳಗೆ ಮಸಿಯ ಪೊರೆ, ಪೊರೆಯ ಕೆಳಗೆ ಕಂದು ಬಣ್ಣದ ಮಬ್ಬು ಗೆರೆ. ಬರಿಗಣ್ಣಿಗೆ ಅಷ್ಟೇನೂ ಕಾಣುವುದಿಲ್ಲ. ಒದ್ದೆ ಹತ್ತಿ ಒತ್ತಿದಾಗ ಮಾತ್ರ, ಆರುವವರೆಗೆ, ಗೆರೆ ಎದ್ದು ನಿಲ್ಲುತ್ತಿತ್ತು. ಪದೇ ಪದೇ ಒದ್ದೆ ಮಾಡಿದರೆ ಗಾರೆಯೇ ಉದುರುತ್ತದೆ. ಹೀಗಾಗಿ ಅವಳು ಒಂದೊಂದು ಜಾಗವನ್ನು ಒಂದೇ ಸಲ ಒದ್ದೆ ಮಾಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಬಿಟ್ಟುಬಿಡುತ್ತಿದ್ದಳು.

ಆ ಉಗ್ರಾಣದ ಅಡಿಯಲ್ಲೇ ರೈಲಿನ ಸುರಂಗ ಕೊರೆಯಲು ಶುರುಮಾಡಿದರು. ಮೊದಲು ಗಾರೆ ಉದುರಿತು, ಆಮೇಲೆ ಗೋಡೆ ಹೊಟ್ಟೆ ಬಿಟ್ಟಿತು. ಕಬ್ಬಿಣದ ಊರುಗೋಲುಗಳನ್ನು ಕೊಟ್ಟು ನಿಲ್ಲಿಸಿದರು. ಚಿತ್ರವನ್ನು ಗಾರೆ ಸಮೇತ ಎತ್ತಿಕೊಂಡು ಹೋಗಬಹುದೇ ಎಂದು ಹೆಂಡತಿ ಕೈಯಾಡಿಸಿ ನೋಡಿದಳು. ಒಳಗೆ ಎಲ್ಲ ಪುಡಿ, ಮುಟ್ಟಿದರೆ ಮಣ್ಣು. ಕೊನೆಗೆ ಸುರಂಗದವರು ನೆಲಮಾಳಿಗೆಗೆ ಕಾಂಕ್ರೀಟ್ ತುಂಬಿಸುವುದೆಂದು ತೀರ್ಮಾನಿಸಿದರು. ಮೇಲಿನ ಕಟ್ಟಡ ಉಳಿಯಬೇಕಾದರೆ ಬೇರೆ ದಾರಿಯಿಲ್ಲ ಎಂದರು, ಅದು ಸುಳ್ಳೂ ಅಲ್ಲ. ಹೆಂಡತಿ ಅಲೆದಾಡಿ, ಅಂಗಲಾಚಿ, ಇಷ್ಟನ್ನು ಸಂಪಾದಿಸಿದಳು: ಕಾಂಕ್ರೀಟಿನ ಹಿಂದಿನ ದಿನ, ಕೆಲಸಗಾರರು ಊಟಕ್ಕೆ ಹೋಗಿ ಕೊರೆಯುವ ಯಂತ್ರ ನಿಂತಿರುವ ಹೊತ್ತಿನಲ್ಲಿ, ಗೋಡೆಯ ಫೋಟೊ ತೆಗೆಯಬಹುದು. ಗೋಡೆ ಹೋದ ಮೇಲೆ ಉಳಿಯುವುದು ಆ ಫೋಟೊಗಳು ಮಾತ್ರ. ಅವಳ ಅಷ್ಟು ವರ್ಷದ ಬದುಕು ಗಂಡನ ಕ್ಯಾಮೆರಾದೊಳಗೆ ಹೋಗಿ ಕೂರಬೇಕಿತ್ತು.

ಆ ದಿನ ಜೋಪಾನಣ್ಣ ಅಳೆದು ಸುರಿದು ಸಿದ್ಧನಾಗಿದ್ದ. ಗಟ್ಟಿ ಟ್ರೈಪಾಡ್, ಎರಡು ದೀಪ, ಕಾರ್ಡ್, ಕಚೇರಿಯ ಹಳೆಯ ಕ್ಯಾಮೆರಾ. ಕೆಳಗಿನ ಯಂತ್ರ ನಿಂತಿತು. ಕಿವಿಯಲ್ಲಿ ಗುಂಯ್ ಎನ್ನುವಷ್ಟು ಮೌನ. ಗೋಡೆಯ ಒಂದು ತುದಿಯಿಂದ ಶುರುಮಾಡಿ, ಒಂದು ಫೋಟೊದ ಅಂಚು ಇನ್ನೊಂದರ ಮೇಲೆ ಬರುವಂತೆ ಸರಿಸುತ್ತ ಬಂದ. ದೋಣಿ ಚೆನ್ನಾಗಿ ಬಂತು. ಮೂಟೆಗಳು ಬಂದವು. ಹೆಂಡತಿ ಅವನ ಹಿಂದೆಯೇ ದೀಪದ ತಂತಿ ಎತ್ತಿ ಹಿಡಿದು ನಡೆಯುತ್ತಿದ್ದಳು.

ಕೊನೆಗೆ ಉಳಿದದ್ದು ಎಡಗಡೆಯ ಕೆಳಮೂಲೆ. ಆ ಮೂಲೆಯ ಸುಣ್ಣವನ್ನು ಅವಳು ಎತ್ತಿ ಮುಗಿಸಿದ್ದು ಅವತ್ತು ಬೆಳಿಗ್ಗೆಯಷ್ಟೇ. ಮಸಿ ಅತಿ ದಟ್ಟವಾಗಿದ್ದ ಜಾಗ. ಅಡ್ಡಕ್ಕೆ ಕಬ್ಬಿಣದ ಊರುಗೋಲು ನಿಂತು ಒಂದು ದೀಪದ ಬೆಳಕು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ, ಇನ್ನೊಂದರದ್ದು ಓರೆಯಾಗಿ ಸವರಿಕೊಂಡು ಹೋಗುತ್ತಿತ್ತು. ಅವಳು ಮಂಡಿಯೂರಿ ಕೂತು ಹತ್ತಿ ಒದ್ದೆ ಮಾಡಿ ಒಂದೇ ಸಲ ಒತ್ತಿದಳು. ಒತ್ತಿದವಳು ಹಾಗೇ ಉಳಿದಳು.

"ರೀ, ಇಲ್ಲೊಬ್ಬಳಿದ್ದಾಳೆ ರೀ! ಬಣ್ಣ ಅರೀತಾ ಇದ್ದಾಳೆ. ಈ ಚಿತ್ರದ ಬಣ್ಣವನ್ನೇ ಅರೀತಾ ಇದ್ದಾಳೆ. ಇದನ್ನ ಬರೆದವರು ತಮ್ಮವಳನ್ನೇ ಮೂಲೇಲಿ ಬರೆದು ಕೂರಿಸಿದ್ದಾರೆ. ಬನ್ನಿ, ನೋಡಿ!"

"ಪಕ್ಕಕ್ಕೆ ಸರಿ, ನಿನ್ನ ನೆರಳು ಬೀಳ್ತಿದೆ" ಎಂದ ಜೋಪಾನಣ್ಣ. ಅವನ ಕಣ್ಣು ಗೋಡೆಯ ಮೇಲಿರಲಿಲ್ಲ, ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯ ಮೇಲಿತ್ತು. ಕಾರ್ಡನ್ನು ದೀಪದ ಬೆಳಕು ಬೀಳುವ ಕಡೆ, ಚಿತ್ರದ ಬಲ ಅಂಚಿಗೆ ನಿಲ್ಲಿಸಿದ. ಅಳತೆ ನೋಡಿ ಗುಂಡಿ ಒತ್ತಿದ. ಪರದೆಯಲ್ಲಿ ಹಿಸ್ಟೋಗ್ರಾಂ ಮೂಡಿತು. ಚಿತ್ರದ ಯಾವ ಭಾಗಕ್ಕೆ ಎಷ್ಟು ಬೆಳಕು ಎಂದು ತೋರಿಸುವ ಗುಡ್ಡದಂಥ ಗೆರೆ ಅದು. ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು. ಬಲತುದಿಯಲ್ಲಿ ಸೂಜಿಯ ಹಾಗೊಂದು ಗೆರೆ ಅಂಚಿಗೆ ಸ್ವಲ್ಪ ಈಚೆ ನಿಂತಿತ್ತು. ಎಡತುದಿಯಲ್ಲಿ ದೊಡ್ಡ ಗುಡ್ಡವೊಂದು ಅಂಚಿಗೆ ಒರಗಿ ಬಿದ್ದಿತ್ತು.

ಸೂಜಿ ಎಂದರೆ ಕಾರ್ಡು. ಗುಡ್ಡ ಎಂದರೆ ಗೋಡೆ, ಬಣ್ಣ ಅರೆಯುವವಳು, ಹೆಂಡತಿಯ ಅಷ್ಟು ವರ್ಷ. ಜೋಪಾನಣ್ಣ ನೋಡಿದ್ದು ಸೂಜಿಯನ್ನು. ಬಲಗಡೆ ತುಂಬಿದೆ, ಸುಟ್ಟಿಲ್ಲ, ಸರಿಯಿದೆ ಎಂದುಕೊಂಡ.

ಹೆಂಡತಿ ಭುಜದ ಮೇಲಿಂದ ಇಣುಕಿದಳು. "ಮೂಲೆ ಪೂರ್ತಿ ಕಪ್ಪು ಕಾಣ್ತಿದೆಯಲ್ಲ ರೀ? ಜಾಸ್ತಿ ಬೆಳಕು ಬೇಡ್ವಾ?"

"ಜಾಸ್ತಿ ಮಾಡಿದ್ರೆ ಕಾರ್ಡ್ ಕ್ಲಿಪ್ ಆಗುತ್ತೆ. ನೀನು ಯೋಚನೆ ಮಾಡ್ಬೇಡ, ಆಮೇಲೆ ಎತ್ತಬಹುದು."

ಅವಳು ಒಂದು ಕ್ಷಣ ಅವನ ಮುಖ ನೋಡಿದಳು. ಅಡುಗೆಮನೆಯ ಟ್ರೇಗಳು ನೆನಪಾದವೋ ಏನೋ, ಬಾಯಿ ತೆರೆದಳು. ಆದರೆ ಅದು ಅವನ ಕೆಲಸ, ಅವನು ಬಲ್ಲವನು. ಬಲ್ಲವನ ಕೆಲಸದಲ್ಲಿ ಮೂಗು ತೂರಿಸುವುದು ಅವಳ ಜಾಯಮಾನವಲ್ಲ. ಅಷ್ಟರಲ್ಲಿ ಒದ್ದೆ ಆರಿ ಗೆರೆ ಮಸಿಯೊಳಗೆ ಇಳಿದುಹೋಯಿತು. ಮೆಟ್ಟಿಲ ಮೇಲಿಂದ ಸೈಟ್ ಎಂಜಿನಿಯರ್, "ಸಾರ್, ಮೇಡಂ, ಸಾಕು, ಬನ್ನಿ" ಎಂದು ಕೂಗಿದ. ಕೆಳಗೆ ಯಂತ್ರ ಮತ್ತೆ ಗುಡುಗಿತು.

ಮಾರನೆಯ ದಿನ ದಪ್ಪ ಪೈಪಿನಿಂದ ಕಾಂಕ್ರೀಟ್ ಇಳಿಯುವುದನ್ನು ಹೆಂಡತಿ ಬೀದಿಯಲ್ಲಿ ನಿಂತು ನೋಡಿದಳು. ಅಳಲಿಲ್ಲ. "ಫೋಟೊ ಇದೆಯಲ್ಲ" ಎಂದಳು. ಆ ಮಾತು ಜೋಪಾನಣ್ಣನಿಗೆ ಆಗ ಸಮಾಧಾನವಾಗಿಯೇ ಕೇಳಿಸಿತು ಎಂದು ಹೇಳಲು ಸಂಕಟವಾಗುತ್ತದೆ.

ವಿಭಾಗದ ಕಂಪ್ಯೂಟರಿನಲ್ಲಿ ಅವನು ಆ ಫೈಲನ್ನು ತೆರೆದದ್ದು ಕಾಂಕ್ರೀಟ್ ಗಟ್ಟಿಯಾದ ಮೇಲೆ. ಕಾರ್ಡ್ ಅಚ್ಚುಕಟ್ಟಾಗಿತ್ತು, ಬಿಳಿ ಚೌಕ ಬಿಳಿಯಾಗಿ, ಕೆಂಪು ಕೆಂಪಾಗಿ, ಯಾವ ಮುಖ್ಯಸ್ಥೆಯೂ ಹೆಸರಿಡುವಂತಿರಲಿಲ್ಲ. ಉಳಿದದ್ದೆಲ್ಲ ಕಪ್ಪು. ಬೆಳಕನ್ನು ಎತ್ತಿದ. ಇನ್ನೂ ಎತ್ತಿದ. ಮೂಲೆ ಕಪ್ಪಿನಿಂದ ಬೂದಿಯಾಯಿತು, ಬೂದಿಯಲ್ಲಿ ಕೆಂಪು, ಹಸಿರು, ನೇರಳೆಯ ಕಾಳುಗಳು ಮುತ್ತಿಕೊಂಡವು. ಅಡ್ಡಡ್ಡಕ್ಕೆ ಪಟ್ಟೆಗಳೂ ಎದ್ದವು. ಅವು ಕ್ಯಾಮೆರಾದ್ದೇ ನಡುಕದ ಗುರುತು. ಹೆಂಗಸು ಎಲ್ಲೂ ಇರಲಿಲ್ಲ.

ಲೆಕ್ಕ ಹಾಕಲು ಅವನಿಗೆ ಕಾಗದ ಬೇಕಿರಲಿಲ್ಲ. ಆ ಮೂಲೆಯಲ್ಲಿ ಚುಕ್ಕೆಯೊಂದಕ್ಕೆ ಸಿಕ್ಕ ಕಣಗಳು ಇಪ್ಪತ್ತರ ಸುತ್ತಮುತ್ತ. ಇಪ್ಪತ್ತು ಎಂದರೆ ನಾಲ್ಕೈದು ತಮ್ಮಷ್ಟಕ್ಕೇ ಏರುಪೇರಾಗುತ್ತವೆ. ಹಳೆಯ ಕ್ಯಾಮೆರಾದ ನಡುಕ ಹೆಚ್ಚುಕಡಿಮೆ ಇನ್ನೂ ಅಷ್ಟು. ಮಸಿಗೂ ಅವಳ ಗೆರೆಗೂ ಇದ್ದ ವ್ಯತ್ಯಾಸವೋ, ಒಂದು ಕಣ, ಬಹಳವೆಂದರೆ ಎರಡು. ಅಷ್ಟು ಗದ್ದಲದಲ್ಲಿ ಒಂದು ಕಣದ ಮಾತು ಯಾರಿಗೆ ಕೇಳಿಸೀತು? ಕಾರ್ಡಿರುವ ಒಂದು ಫೋಟೊ ತೆಗೆದು ಬಣ್ಣದ ಲೆಕ್ಕ ಮುಗಿಸಿ, ಕಾರ್ಡ್ ಎತ್ತಿ ಪಕ್ಕಕ್ಕಿಟ್ಟು, ಶಟರನ್ನು ಹದಿನಾರು ಪಟ್ಟು ಹೊತ್ತು ತೆರೆದಿಟ್ಟಿದ್ದರೆ ಸಾಕಿತ್ತು. ಗೋಡೆ ಓಡಿಹೋಗುತ್ತಿರಲಿಲ್ಲ, ಟ್ರೈಪಾಡ್ ಗಟ್ಟಿಯಾಗಿತ್ತು, ಯಂತ್ರ ನಿಂತಿತ್ತು. ಎಲ್ಲೋ ಉಳಿದ ಸುಣ್ಣದ ಚೂರು ಒಂದೆರಡು ಸುಟ್ಟುಹೋಗುತ್ತಿದ್ದವು, ಹೋಗಲಿ, ಸುಣ್ಣ ಯಾರಿಗೆ ಬೇಕು? ಇಪ್ಪತ್ತಿದ್ದ ಕಣ ಮುನ್ನೂರಿಪ್ಪತ್ತಾಗುತ್ತಿತ್ತು. ಅದರ ಏರುಪೇರು ಹದಿನೆಂಟಾದರೂ ಗೆರೆಯ ವ್ಯತ್ಯಾಸವೂ ಹದಿನಾರಕ್ಕೋ ಮೂವತ್ತೆರಡಕ್ಕೋ ಏರುತ್ತಿತ್ತು, ಕ್ಯಾಮೆರಾದ ನಡುಕ ಮಾತ್ರ ಇದ್ದಷ್ಟೇ ಇರುತ್ತಿತ್ತು. ಚುಕ್ಕೆಗೆ ಚುಕ್ಕೆ ಸೇರಿ ಗೆರೆ ಕಾಣುತ್ತಿತ್ತು. ಬೇಕಾಗಿದ್ದದ್ದು ಕೆಲವು ಉಸಿರಿನಷ್ಟು ಹೊತ್ತು, ಅಷ್ಟೇ.

ಆದರೂ ಸುಮ್ಮನೆ ಕೂರಲಿಲ್ಲ. ಒದ್ದೆ ಮಾಡುವ ಮುಂಚೆ ತೆಗೆದದ್ದಾದರೂ, ಪಕ್ಕದ ಫೋಟೊದ ಅಂಚಿನಲ್ಲೂ ಮೂಲೆಯ ಒಂದು ಭಾಗ ಬಂದಿತ್ತು. ಎರಡನ್ನೂ ಒಂದರ ಮೇಲೊಂದು ಕೂರಿಸಿ ಸರಾಸರಿ ಮಾಡಿದ. ಕಾಳು ತುಸು ತಗ್ಗಿತು, ಎರಡು ಫೋಟೊದಿಂದ ತಗ್ಗಬಹುದಾದಷ್ಟು. ಇಪ್ಪತ್ತು ಮೂವತ್ತು ಫೋಟೊ ಇದ್ದಿದ್ದರೆ ಮಾತು ಬೇರೆ, ಇದ್ದದ್ದು ಎರಡೇ. ಚುಕ್ಕೆಗಳನ್ನು ಗುಂಪು ಮಾಡಿ ನಯ ಮಾಡಿದ. ಕಾಳು ಹೋಯಿತು, ಜೊತೆಗೆ ಗೆರೆಯಷ್ಟು ಸಣ್ಣದೆಲ್ಲವೂ ಹೋಯಿತು, ಬೂದಿ ಬಣ್ಣದ ಮೋಡ ಉಳಿಯಿತು. ವಿಭಾಗದಲ್ಲಿ ಯಾರೋ ಹೊಸ ಸಾಫ್ಟ್‌ವೇರ್ ಹಾಕಿಕೊಟ್ಟರು. ಅದು ಕ್ಷಣದಲ್ಲಿ ಕಾಳನ್ನೆಲ್ಲ ಗುಡಿಸಿ ಹಾಕಿ, ಮೂಲೆಯಲ್ಲಿ ಮರದ ತೊಗಟೆಯಂಥದ್ದನ್ನು ಬಿಡಿಸಿಟ್ಟಿತು. ಮತ್ತೊಮ್ಮೆ ಬೇರೆ ಅಳತೆ ಕೊಟ್ಟರೆ ಅಲೆಗಳನ್ನು ಬಿಡಿಸಿತು. ಇಲ್ಲದ್ದನ್ನು ಇದೆಯೆನ್ನುವುದರಲ್ಲಿ ಅದಕ್ಕೆ ಎಳ್ಳಷ್ಟೂ ಸಂಕೋಚವಿರಲಿಲ್ಲ.

ಹೆಂಡತಿಗೆ ಹೇಳಲೇಬೇಕಾಯಿತು. ಮನೆಯ ಊಟದ ಮೇಜಿನ ಮೇಲೆ ಅವಳು ಗೋಡೆಯ ವರದಿ ಬರೆಯುತ್ತಿದ್ದಳು. ಇಳಿಬಿಸಿಲು ಮೇಜಿನ ಅರ್ಧಕ್ಕೆ ಬಂದಿತ್ತು. ಅವನು ನಿಂತುಕೊಂಡೇ ಹೇಳಿದ. ಕಾರ್ಡಿನ ಮಾತು, ಸೂಜಿಯ ಮಾತು, ಇಪ್ಪತ್ತು ಕಣದ ಮಾತು, ಒಂದನ್ನೂ ಮುಚ್ಚಿಡಲಿಲ್ಲ.

ಅವಳು ಪೂರ್ತಿ ಕೇಳಿಸಿಕೊಂಡಳು. "ಟ್ರೇಗೆ ಸುರೀಬೇಕಾದ ಹಿಟ್ಟನ್ನ ಕಾರ್ಡಿಗೆ ಅಳೆದುಬಿಟ್ರಿ" ಎಂದಳು. ಅಷ್ಟೇ. ಬೈದಿದ್ದರೆ ಅವನು ಬೈಸಿಕೊಳ್ಳುತ್ತಿದ್ದ, ಎರಡು ದಿನ ಊಟ ಬಿಟ್ಟಿದ್ದರೆ ತಾನೂ ಬಿಡುತ್ತಿದ್ದ. ಅವಳು ಎದ್ದು ಹೋಗಿ ಪೆನ್ಸಿಲು ತಂದಳು. "ನಾನು ನೋಡಿದ್ದೀನಲ್ಲ, ಬರೀತೀನಿ ಬಿಡಿ" ಎಂದು ಬಿಳಿ ಹಾಳೆಯ ಮೇಲೆ ಬಗ್ಗಿದಳು.

ವಾರಗಟ್ಟಲೆ ಬರೆದಳು. ಅರೆಯುವ ಕಲ್ಲು ಬರುತ್ತಿತ್ತು, ತೋಳು ಬರುತ್ತಿತ್ತು. ಮುಖದ ಹತ್ತಿರ ಪೆನ್ಸಿಲು ನಿಲ್ಲುತ್ತಿತ್ತು. ಕಂಡದ್ದು ಒದ್ದೆ ಆರುವಷ್ಟು ಹೊತ್ತು. ಆ ಹೊತ್ತಿನಲ್ಲೂ ಅರ್ಧ ಹೊತ್ತು ಅವಳು ಗಂಡನನ್ನು ಕರೆಯುವುದರಲ್ಲೇ ಕಳೆದಿದ್ದಳು. ಇತ್ತ ಮ್ಯೂಸಿಯಮ್ಮಿನಲ್ಲಿ ಮುಖ್ಯಸ್ಥೆ, "ಮೇಡಂ, ನಿಮ್ಮ ಮಾತಿನ ಮೇಲೆ ನನಗೆ ಅನುಮಾನ ಇಲ್ಲ. ಆದ್ರೆ ಫೋಟೊದಲ್ಲಿ ಇಲ್ಲದ್ದನ್ನ ವರದೀಲಿ ಹೇಗೆ ಹಾಕೋದು? ಇನ್ಯಾರಾದ್ರೂ ನೋಡಿದ್ರೆ ಇಬ್ಬರ ಹೇಳಿಕೆ ಅಂತ ಹಾಕಬಹುದು" ಎಂದಿದ್ದಳು. ತಪ್ಪು ಮಾತೇನಲ್ಲ.

ಆ ಮಾತಾದ ದಿನ ಸಂಜೆ ಅವಳು ಹಾಳೆಯಿಂದ ತಲೆಯೆತ್ತಿ ಕೇಳಿದಳು, "ರೀ, ನಾನು ಕರೆದಾಗ ನೀವೂ ನೋಡಿದ್ರಲ್ವಾ?"

ಜೋಪಾನಣ್ಣ ಬಾಳಿನಲ್ಲಿ ಒಮ್ಮೆಯೂ ಜೋಪಾನ ತಪ್ಪಿದವನಲ್ಲ. ಆದರೆ ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಇಬ್ಬರ ಹೇಳಿಕೆ ಎಂದರೆ ಗೋಡೆಯವಳೂ ಉಳಿಯುತ್ತಾಳೆ, ಇವಳೂ ಉಳಿಯುತ್ತಾಳೆ.

"ನೋಡಿದೆ" ಎಂದ.

ಅವಳ ಮುಖ ಎಷ್ಟೋ ದಿನಗಳ ಮೇಲೆ ಅರಳಿತು. ಕುರ್ಚಿ ಎಳೆದು ಹತ್ತಿರ ಕೂರಿಸಿಕೊಂಡಳು. "ಅಯ್ಯೋ, ಮೊದಲೇ ಹೇಳ್ಬಾರದಾ! ಹಾಗಾದ್ರೆ ಹೇಳಿ, ಮುಖ ಯಾವ ಕಡೆ ಇತ್ತು?"

ಅವನು ಹಾಳೆ ನೋಡಿದ. ಹಾಳೆಯ ಮೇಲೆ ಮುಖದ ಜಾಗ ಖಾಲಿ ಇತ್ತು. "ಪಕ್ಕದ ಗೋಡೆ ಕಡೆಗೆ. ಎಡಕ್ಕೆ" ಎಂದ.

"ಎಡಕ್ಕಾ?" ಅವಳು ಕಣ್ಣು ಮುಚ್ಚಿದಳು. "ನಾನು ನಮ್ಮ ಕಡೆ ತಿರುಗಿದ್ಲು ಅಂದ್ಕೊಂಡಿದ್ದೆ. ನಮ್ಮನ್ನ ನೋಡ್ತಾ ಇದ್ದ ಹಾಗೆ ನೆನಪು." ಪೆನ್ಸಿಲು ಎತ್ತಿಕೊಂಡು ಎಡಕ್ಕೆ ತಿರುಗಿದ ಕೆನ್ನೆಯ ಗೆರೆಯೊಂದನ್ನು ಎಳೆದಳು. ನೋಡಿದಳು. ಅದರ ಮೇಲೆ ಇನ್ನೊಂದು ಎಳೆದಳು. "ಹೌದೇನೋ. ಎಡಕ್ಕೇ ಇರಬೇಕು. ಹೌದು, ಈಗ ಹಾಗೇ ಕಾಣ್ತಿದೆ."

ಜೋಪಾನಣ್ಣನಿಗೆ ತಾನು ಮಾಡಿದ್ದು ಏನೆಂದು ಆಗ ಹೊಳೆಯಿತು. ಜಗತ್ತಿನಲ್ಲಿ ಆ ಹೆಂಗಸು ಉಳಿದಿದ್ದದ್ದು ಒಂದೇ ಒಂದು ಕಡೆ, ಅದರೊಳಗೂ ಅವನು ಕೈ ಹಾಕಿದ್ದ.

"ಇಲ್ಲ ಕಣೇ. ನಾನು ನೋಡ್ಲಿಲ್ಲ. ಸುಳ್ಳು ಹೇಳಿದೆ. ನಾನು ಪರದೆ ನೋಡ್ತಿದ್ದೆ. ನೀನು ಅಂದ್ಕೊಂಡಿದ್ದೇ ಸರಿ, ನಮ್ಮ ಕಡೆ ತಿರುಗಿದ್ಲು ಅಂತಲೇ ಬರಿ. ನನ್ನ ಮಾತು ಬಿಟ್ಟುಬಿಡು."

ಅವಳು ಮತ್ತೆ ಕಣ್ಣು ಮುಚ್ಚಿದಳು. ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಬಂತು.

"ಬರ್ತಾ ಇಲ್ಲ ರೀ" ಎಂದಳು ಕೊನೆಗೆ. "ಈಗ ಎರಡೂ ಕಾಣುತ್ತೆ. ಯಾವುದು ಕಂಡಿದ್ದು, ಯಾವುದು ನೀವು ಹೇಳಿದ್ದು, ನನಗೆ ಗೊತ್ತಾಗ್ತಿಲ್ಲ." ಆಮೇಲೆ ಇನ್ನೂ ಮೆಲ್ಲಗೆ, "ಅವಳು ಅಲ್ಲಿ ಇದ್ಲು ತಾನೇ?"

ಅವನು ಏನು ಹೇಳಿದರೂ ಬೆಲೆಯಿರಲಿಲ್ಲ.

ಅವಳು ಲ್ಯಾಪ್‌ಟಾಪ್ ಎಳೆದುಕೊಂಡು ವರದಿಯಲ್ಲಿ ಬಣ್ಣ ಅರೆಯುವವಳ ಬಗ್ಗೆ ಬರೆದಿದ್ದ ಭಾಗವನ್ನು ಅಳಿಸಿದಳು. ಆ ಜಾಗದಲ್ಲಿ, ಎಡ ಕೆಳಮೂಲೆಯಲ್ಲಿ ಗುರುತಿಸಬಹುದಾದ ಚಿತ್ರವೇನೂ ಕಂಡುಬಂದಿಲ್ಲ ಎಂದು ಬೆರಳಚ್ಚು ಮಾಡಿದಳು. ವರದಿಯ ಕೊನೆಗೆ ಫೋಟೊ ತೆಗೆದವರೂ ಸಹಿ ಹಾಕಬೇಕಿತ್ತು. ಮಾರನೆಯ ದಿನ ಕಚೇರಿಯಲ್ಲಿ ಅವಳೇ ಪೆನ್ನಿನ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟಳು, ಅವನು ಅವಳ ಹೆಸರಿನ ಕೆಳಗೆ ಸಹಿ ಹಾಕಿದ.